60 ಕೇಳಿದರೆ 52 ಖಾತೆಗಳೇ ಬಂದವು: ಡೆಟರ್ಸ್ ಸ್ಯಾಂಪಲ್‌ನಲ್ಲಿ ನಾನು ಎಲ್ಲಿ ತಪ್ಪಿದ್ದೇನೆ?

ಲೆಡ್ಜರ್ ಹುಡುಗಿ
ಆರ್ಟಿಕಲ್‌ಶಿಪ್‌ನ ಎರಡನೆಯ ವರ್ಷದಲ್ಲಿದ್ದೇನೆ. ಈಗ ಕುಳಿತಿರುವುದು ಒಬ್ಬ ಹಾರ್ಡ್‌ವೇರ್ ಸಗಟು ವ್ಯಾಪಾರಿಯ ಆಡಿಟ್‌ಗೆ. ಮಾರ್ಚ್ 31ಕ್ಕೆ ಗಿರಾಕಿಗಳಿಂದ ಬರಬೇಕಾದ ಬಾಕಿ 4,80,00,000 ರೂಪಾಯಿ, ಒಟ್ಟು 612 ಖಾತೆಗಳು. ಮುಂಗಡ ಕೊಟ್ಟು ಕ್ರೆಡಿಟ್ ಬಾಕಿ ಇರುವ 11 ಖಾತೆಗಳನ್ನು ಮೊದಲೇ ಬೇರೆ ಹಾಳೆಗೆ ತೆಗೆದಿಟ್ಟಿದ್ದೇನೆ, ಅವು ಈ ಲೆಕ್ಕದಲ್ಲಿಲ್ಲ.

ಸೀನಿಯರ್ ಹೇಳಿದ್ದು ಇಷ್ಟು: "ಸಹಿಸಬಹುದಾದ ತಪ್ಪು 24 ಲಕ್ಷ, ಭರವಸೆ 95%, ತಪ್ಪು ಸಿಗುವುದಿಲ್ಲ ಎಂದುಕೋ. 24ನ್ನು 3ರಿಂದ ಭಾಗಿಸಿ 8 ಲಕ್ಷದ ಅಂತರ ಇಟ್ಟು ಎಂಯುಎಸ್ ವಿಧಾನದಲ್ಲಿ ಸ್ಯಾಂಪಲ್ ತೆಗೆ, 60 ಬರುತ್ತದೆ." ಆರಂಭದ ಸಂಖ್ಯೆ 3,17,000 ಬಂತು. ಎಕ್ಸೆಲ್‌ನಲ್ಲಿ ಸಂಚಿತ ಮೊತ್ತ ಹಾಕಿ ಹುಡುಕಿದರೆ ಸಿಕ್ಕಿದ ಹೆಸರುಗಳು 52 ಮಾತ್ರ. ಅದಕ್ಕಿಂತ ಹೆಚ್ಚು ಕಾಡುತ್ತಿರುವುದು ಬೇರೆ. 6,40,000 ಬಾಕಿ ಇರುವ ಒಂದು ಖಾತೆ ಆಯ್ಕೆಯಾಗಲೇ ಇಲ್ಲ, ಅದರ ಎರಡು ಸಾಲು ಕೆಳಗಿರುವ 92,000ದ ಖಾತೆ ಆಯ್ಕೆಯಾಗಿದೆ. ದೊಡ್ಡ ಖಾತೆಗಳಿಗೆ ಆದ್ಯತೆ ಎಂದಲ್ಲವೇ ಇದನ್ನು ಕಲಿಸಿದ್ದು?

ಟ್ಯಾಲಿ ಬಲ್ಲವ
ಲೆಕ್ಕ ತಪ್ಪಿದೆ. ಬಾಕಿಯನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೇಲಿನ 60 ತೆಗೆದುಕೊಳ್ಳಿ. ಎಂಯುಎಸ್ ಎಂದರೆ ದೊಡ್ಡವು ಮೊದಲು ಎಂದರ್ಥ. ಹನ್ನೊಂದು ವರ್ಷದಿಂದ ಹೀಗೆಯೇ ಮಾಡುತ್ತಿದ್ದೇನೆ, ಯಾರೂ ಕೇಳಿಲ್ಲ.

ಕೆಂಪು ಪೆನ್ಸಿಲ್
ಯಾರೂ ಕೇಳದೇ ಇದ್ದದ್ದು ಪುಣ್ಯ. ಮೇಲಿನ 60 ತೆಗೆದರೆ ಅದು ಸ್ಯಾಂಪಲ್ ಅಲ್ಲ, ದೊಡ್ಡ ಖಾತೆಗಳ ತಪಾಸಣೆ. ಅದಕ್ಕೂ ಬೆಲೆ ಇದೆ. ಆದರೆ ಅದರಿಂದ ಉಳಿದ 552 ಖಾತೆಗಳ ಬಗ್ಗೆ ಒಂದು ಮಾತೂ ಹೇಳುವಂತಿಲ್ಲ, ಏಕೆಂದರೆ ಅವುಗಳಿಗೆ ಆಯ್ಕೆಯಾಗುವ ಅವಕಾಶವೇ ಇರಲಿಲ್ಲ.

ಹುಡುಗಿಯ ಲೆಕ್ಕ ಸರಿಯಾಗಿಯೇ ಇದೆ. ಇಲ್ಲಿ ನಾವು ಆರಿಸುತ್ತಿರುವುದು ಖಾತೆಯನ್ನಲ್ಲ, ರೂಪಾಯಿಯನ್ನು. 4 ಕೋಟಿ 80 ಲಕ್ಷ ರೂಪಾಯಿಗಳನ್ನು ಖಾತೆಗಳ ಕ್ರಮದಲ್ಲೇ ಒಂದೇ ಸಾಲಿನಲ್ಲಿ ನಿಲ್ಲಿಸಿ, 3,17,000ನೆಯದರಿಂದ ಶುರುಮಾಡಿ 8 ಲಕ್ಷಕ್ಕೊಂದರಂತೆ ಕಿವಿ ಹಿಡಿದು ಎಳೆಯುತ್ತೇವೆ. ರೂಪಾಯಿಯ ಕಿವಿ ಹಿಡಿದರೆ ಅದು ಸೇರಿದ ಖಾತೆ ಹಿಂದೆಯೇ ಬರುತ್ತದೆ. ನಿಮ್ಮ ಮೊದಲ ಆರು ಸಾಲುಗಳನ್ನು ಇಲ್ಲಿ ಹಾಕುತ್ತೀರಾ?

ಲೆಡ್ಜರ್ ಹುಡುಗಿ
ಹೆಸರು ತೆಗೆದು ಹಾಕುತ್ತಿದ್ದೇನೆ. ಮೊದಲಿನದು ಬಾಕಿ, ಎರಡನೆಯದು ಸಂಚಿತ ಮೊತ್ತ.

```
1    2,45,000     2,45,000
2    1,10,000     3,55,000
3    6,40,000     9,95,000
4      38,000    10,33,000
5      92,000    11,25,000
6   17,50,000    28,75,000
```

ಕೆಂಪು ಪೆನ್ಸಿಲ್
ಈಗ ಬೆರಳಿಟ್ಟು ನೋಡಿ. ಮೊದಲ ಗುರಿ 3,17,000. ಅದು ಎರಡನೆಯ ಖಾತೆಯೊಳಗೆ ಬೀಳುತ್ತದೆ. ಮುಂದಿನ ಗುರಿ 11,17,000. ಮೂರನೆಯ ಖಾತೆ 9,95,000ಕ್ಕೇ ಮುಗಿದುಹೋಯಿತು, ಹಾಗಾಗಿ 6,40,000 ತಪ್ಪಿಸಿಕೊಂಡಿತು. ಐದನೆಯದು 11,25,000ಕ್ಕೆ ಮುಗಿಯುವುದರಿಂದ 8,000 ರೂಪಾಯಿಯ ಅಂಚಿನಲ್ಲಿ ಸಿಕ್ಕಿಬಿತ್ತು. ಆಮೇಲೆ 19,17,000 ಮತ್ತು 27,17,000, ಎರಡೂ ಆರನೆಯ ಖಾತೆಯೊಳಗೇ ಇವೆ. ಎರಡು ಗುರಿ, ಒಂದೇ ಹೆಸರು. ನಿಮ್ಮ 60 ಗುರಿಗಳು 52 ಹೆಸರಾದದ್ದು ಹೀಗೆ. ಅದನ್ನು 60ಕ್ಕೆ ತುಂಬಿಸಲು ಹೋಗಬೇಡಿ.

6,40,000ಕ್ಕೆ ಆಯ್ಕೆಯಾಗುವ ಸಾಧ್ಯತೆ 80% ಇತ್ತು, 92,000ಕ್ಕೆ ಇದ್ದದ್ದು 11.5%. ಅದೃಷ್ಟ ಆ ದಿನ ತಿರುವುಮುರುವಾಗಿದೆ, ಅಷ್ಟೇ. ಖಚಿತವಾಗಿ ಬರುವುದು ಅಂತರಕ್ಕೆ ಸಮ ಅಥವಾ ಅದಕ್ಕಿಂತ ದೊಡ್ಡ ಖಾತೆ ಮಾತ್ರ. ಕಣ್ಣಿನಲ್ಲಿ ಹುಡುಕುವ ಬದಲು ಬಾಕಿ B ಕಾಲಂನಲ್ಲಿ, ಸಂಚಿತ ಮೊತ್ತ C ಕಾಲಂನಲ್ಲಿ ಇರುವಂತೆ ಇಟ್ಟು, D2ರಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ:

```
=INT((C2-317000)/800000)-INT((N(C1)-317000)/800000)
```

ಪ್ರತಿ ಖಾತೆಗೆ ಎಷ್ಟು ಗುರಿ ಬಿದ್ದಿದೆ ಎಂದು ತೋರಿಸುತ್ತದೆ. D ಕಾಲಂನ ಮೊತ್ತ 60 ಬರಬೇಕು, ಬರದಿದ್ದರೆ ಪಟ್ಟಿಯಲ್ಲಿ ಎಲ್ಲೋ ಸಾಲು ಬಿಟ್ಟುಹೋಗಿದೆ ಅಥವಾ ಮೈನಸ್ ಬಾಕಿ ನುಸುಳಿದೆ. ಕ್ರೆಡಿಟ್ ಬಾಕಿಗಳನ್ನು ಬೇರೆ ತೆಗೆದದ್ದು ಒಳ್ಳೆಯದಾಯಿತು. ಅವು ಒಳಗಿದ್ದರೆ ಸಂಚಿತ ಮೊತ್ತ ಹಿಂದಕ್ಕೆ ಸರಿದು ಒಂದೇ ಗುರಿ ಎರಡು ಖಾತೆಗಳ ಮೇಲೆ ಬೀಳುತ್ತದೆ.

ಸಂತೆಪೇಟೆ ಅಂಗಡಿ
ಇಲ್ಲಿ ಆಡಿಟರ್‌ಗಳು ಇದ್ದೀರಿ ಎಂದು ಕೇಳುತ್ತಿದ್ದೇನೆ. ನಾನು ಪೇಂಟ್ ಮತ್ತು ಪೈಪ್ ಮಾರುವವನು. ನಾನು ಸರಕು ತರಿಸುವ ಸಗಟು ಅಂಗಡಿಯ ಆಡಿಟರ್ ಪ್ರತಿ ವರ್ಷ ನನಗೇ ಕಾಗದ ಕಳಿಸುತ್ತಾರೆ, "ನಿಮ್ಮ ಬಾಕಿ ಇಷ್ಟು, ಸರಿಯೇ?" ಎಂದು. ನನ್ನ ಪಕ್ಕದ ಅಂಗಡಿಯವನಿಗೆ ಒಮ್ಮೆಯೂ ಬಂದಿಲ್ಲ. ನನ್ನ ಮೇಲೆ ಅನುಮಾನವೇ? ಸ್ಯಾಂಪಲ್ ಎಂದರೆ ಮಾಲಿನ ಸ್ಯಾಂಪಲ್ ಕಳಿಸಬೇಕೇ ಎಂದು ಒಂದು ಸಲ ನಾನೇ ಫೋನ್ ಮಾಡಿ ಕೇಳಿದ್ದೆ, ನಕ್ಕುಬಿಟ್ಟರು.

ಕೆಂಪು ಪೆನ್ಸಿಲ್
ಅನುಮಾನವಲ್ಲ ಸ್ವಾಮಿ, ನಿಮ್ಮ ಬಾಕಿ ದೊಡ್ಡದು. ಅಂತರಕ್ಕಿಂತ ಮೇಲಿದ್ದರೆ ಯಾವ ಆರಂಭದ ಸಂಖ್ಯೆ ಬಂದರೂ ನೀವು ಪಟ್ಟಿಯಲ್ಲಿ ಇರಲೇಬೇಕು. ಪಕ್ಕದವರ ಬಾಕಿ ಸಣ್ಣದಿರಬೇಕು. ದಯವಿಟ್ಟು ಉತ್ತರ ಬರೆಯಿರಿ, ನಿಮ್ಮ ಪುಸ್ತಕ ನೋಡಿ ಬರೆಯಿರಿ. ಕಾಗದದಲ್ಲಿ ಇರುವ ಅಂಕಿಗೇ ಸುಮ್ಮನೆ ರುಜು ಹಾಕಿ ಕಳಿಸುವವರಿಂದ ನಮಗೆ ಏನೂ ಉಪಯೋಗವಿಲ್ಲ.

ಸಂತೆಪೇಟೆ ಅಂಗಡಿ
ಇಷ್ಟು ವರ್ಷ ಸುಮ್ಮನೆ ರುಜು ಹಾಕಿಯೇ ಕಳಿಸಿದ್ದೇನೆ. ಈ ಸಲ ನೋಡುತ್ತೇನೆ.

ಲೆಡ್ಜರ್ ಹುಡುಗಿ
D ಕಾಲಂನ ಮೊತ್ತ 60 ಬಂತು! ಇನ್ನೊಂದು ಪ್ರಶ್ನೆ. ಆ 3 ಎಲ್ಲಿಂದ ಬಂತು? ಸೀನಿಯರ್ ಅವರನ್ನು ಕೇಳಿದರೆ "ಕೋಷ್ಟಕದಲ್ಲಿದೆ" ಎಂದರು.

ಸಂಖ್ಯಾಮಿತ್ರ
ನಾನು ಆಡಿಟರ್ ಅಲ್ಲ, ಸಂಖ್ಯಾಶಾಸ್ತ್ರ ಪಾಠ ಮಾಡುವವನು. ಇದಕ್ಕೆ ಕೋಷ್ಟಕ ಬೇಡ, ಮೊಬೈಲ್‌ನ ಕ್ಯಾಲ್ಕುಲೇಟರ್ ಸಾಕು. 4.80 ಕೋಟಿಯಲ್ಲಿ 24 ಲಕ್ಷ ಎಂದರೆ ನೂರಕ್ಕೆ 5. ಪಟ್ಟಿಯಲ್ಲಿ ನಿಜವಾಗಿಯೂ ನೂರಕ್ಕೆ 5 ರೂಪಾಯಿ ಕೆಟ್ಟಿದೆ ಎಂದುಕೊಳ್ಳಿ. ಒಂದು ರೂಪಾಯಿ ಎತ್ತಿದರೆ ಅದು ಒಳ್ಳೆಯದಾಗಿರುವ ಸಾಧ್ಯತೆ 0.95. ಅರವತ್ತು ಎತ್ತಿ ಅರವತ್ತೂ ಒಳ್ಳೆಯದಾಗಿರಬೇಕಾದರೆ 0.95ನ್ನು 60 ಸಲ ಗುಣಿಸಬೇಕು. ಉತ್ತರ ಸುಮಾರು 0.046. ಅಂದರೆ ಅಷ್ಟು ಕೆಟ್ಟ ಪಟ್ಟಿ ನಿಮ್ಮ ಕಣ್ಣಿಗೆ ಪೂರ್ತಿ ಶುದ್ಧವಾಗಿ ಕಾಣುವ ಅಪಾಯ 5%ಕ್ಕಿಂತ ಕಡಿಮೆ. ಆ 60ರಲ್ಲಿ 5% ಎಂದರೆ 3, ನಿಮ್ಮ ಸೀನಿಯರ್ ಹೇಳಿದ 3 ಅದೇ. 90% ಭರವಸೆ ಸಾಕು ಎನ್ನುವವರು 2.31 ಬಳಸುತ್ತಾರೆ.

ಗಮನಿಸಿ, 612 ಎಂಬ ಸಂಖ್ಯೆ ಈ ಲೆಕ್ಕದಲ್ಲಿ ಎಲ್ಲಿಯೂ ಬರಲಿಲ್ಲ. ಖಾತೆಗಳು ಆರು ಸಾವಿರ ಇದ್ದಿದ್ದರೂ ಗುರಿಗಳು ಅರವತ್ತೇ.

ಟ್ಯಾಲಿ ಬಲ್ಲವ
ಪಾಠ ಚೆನ್ನಾಗಿದೆ. ಆದರೆ ಕ್ಲೈಂಟ್‌ನ ಕಚೇರಿಯಲ್ಲಿ ಮೂರು ದಿನದಲ್ಲಿ ಕೆಲಸ ಮುಗಿಸಬೇಕಾದವನಿಗೆ 0.95ರ ಗುಣಾಕಾರ ಅನ್ನ ಹಾಕುವುದಿಲ್ಲ.

ಲೆಡ್ಜರ್ ಹುಡುಗಿ
ಮೂರು ವಾರದ ನಂತರ ಬರೆಯುತ್ತಿದ್ದೇನೆ. 52 ಕಾಗದಗಳಲ್ಲಿ 31ಕ್ಕೆ ಉತ್ತರ ಬಂತು. ಬರದವುಗಳಿಗೆ ಏಪ್ರಿಲ್ ಮತ್ತು ಮೇ ತಿಂಗಳಿನ ವಸೂಲಿ, ಬಿಲ್ಲು, ಲಾರಿ ರಸೀದಿ ಹಿಡಿದು ಒಂದೊಂದಾಗಿ ನೋಡಿ ಮುಗಿಸಿದೆ. ತಪ್ಪು ಸಿಕ್ಕಿದ್ದು ಮೂರು ಕಡೆ. 92,000ದ ಆ ಖಾತೆಯವರು ತಮ್ಮ ಬಾಕಿ 69,000 ಎಂದು ಬರೆದಿದ್ದಾರೆ, 23,000 ಕಡಿಮೆ. 1,60,000ದ ಇನ್ನೊಂದು ಖಾತೆಯಲ್ಲಿ ಒಪ್ಪಿದ್ದ ರಿಯಾಯಿತಿ ಕಳೆದಿಲ್ಲ, 16,000 ಜಾಸ್ತಿ. 17,50,000ದ ಖಾತೆಗೆ ಸಾಗಣೆ ವೆಚ್ಚ ಎರಡು ಸಲ ಹಾಕಿದ್ದಾರೆ, 40,000 ಜಾಸ್ತಿ.

ಒಟ್ಟು 79,000. ಕ್ಲೈಂಟ್‌ನ ಅಕೌಂಟೆಂಟ್ "ಇದೇನು ಮಹಾ, 79,000ಕ್ಕೆ ಈಗಲೇ ಎಂಟ್ರಿ ಹಾಕುತ್ತೇನೆ, ಮುಗಿಯಿತು" ಎನ್ನುತ್ತಿದ್ದಾರೆ. 24 ಲಕ್ಷದ ಮುಂದೆ 79,000 ಏನೂ ಅಲ್ಲ, ನಿಜ. ಮುಗಿಯಿತೇ?

ಟ್ಯಾಲಿ ಬಲ್ಲವ
ಮುಗಿಯಿತು. ಆ 23,000ವಂತೂ ತಪ್ಪೇ ಅಲ್ಲ. ಅವರು ಮಾರ್ಚ್ ಕೊನೆಯಲ್ಲಿ ಚೆಕ್ ಕಳಿಸಿರುತ್ತಾರೆ, ಇವರಿಗೆ ಏಪ್ರಿಲ್‌ನಲ್ಲಿ ತಲುಪಿರುತ್ತದೆ. ಅಂಥದ್ದನ್ನು ತಪ್ಪು ಎಂದು ಎಣಿಸಬಾರದು ಎಂದು ಸ್ಯಾಂಪಲ್‌ಗಳ ಆಡಿಟ್ ಮಾನದಂಡ ಎಸ್‌ಎ 530ರಲ್ಲೇ ಇದೆ.

ಕೆಂಪು ಪೆನ್ಸಿಲ್
ನಿಯಮ ಸರಿಯಾಗಿ ಹೇಳಿದಿರಿ, ಮೆಚ್ಚಿದೆ. ಆದರೆ "ಕಳಿಸಿರುತ್ತಾರೆ" ಎಂಬುದು ನಿಮ್ಮ ಊಹೆ. ಏಪ್ರಿಲ್ ಮೊದಲ ವಾರದ ಬ್ಯಾಂಕ್ ಪುಸ್ತಕದಲ್ಲಿ ಆ ಖಾತೆಯಿಂದ 23,000 ಬಂದಿದೆಯೇ?

ಲೆಡ್ಜರ್ ಹುಡುಗಿ
ಇಲ್ಲ ಸರ್. ಈಗ ಮತ್ತೆ ನೋಡಿದೆ. ಅದು ವಾಪಸು ಬಂದ ಮಾಲು. ಮಾರ್ಚ್ 27ರಂದು ಗೋದಾಮಿನ ಒಳಬರುವ ಪುಸ್ತಕದಲ್ಲಿ ಬರೆದಿದ್ದಾರೆ, ಕ್ರೆಡಿಟ್ ನೋಟ್ ಹಾಕಿದ್ದು ಏಪ್ರಿಲ್ 9ಕ್ಕೆ. ಗುಮಾಸ್ತ ರಜೆಯಲ್ಲಿದ್ದನಂತೆ. ಇದೊಂದೇ ಆದದ್ದು, ಇದನ್ನು ಬಿಟ್ಟುಬಿಡಿ ಎಂದು ಅಕೌಂಟೆಂಟ್ ಕೇಳುತ್ತಿದ್ದಾರೆ.

ಕೆಂಪು ಪೆನ್ಸಿಲ್
ಹಾಗಾದರೆ ನಿಜವಾದ ತಪ್ಪು. "ಇದೊಂದೇ" ಎಂದು ಬಿಡಬೇಕಾದರೆ ಅದು ಬೇರೆಲ್ಲೂ ಆಗಿಲ್ಲ ಎಂಬುದಕ್ಕೆ ಗಟ್ಟಿ ಪುರಾವೆ ನಿಮ್ಮ ಕೈಯಲ್ಲಿರಬೇಕು. ತೀರಾ ಅಪರೂಪಕ್ಕೆ ಮಾತ್ರ ಅದು ಸಿಗುತ್ತದೆ. ಗುಮಾಸ್ತ ರಜೆಯಲ್ಲಿದ್ದ ಎಂದರೆ ಆ ವಾರ ವಾಪಸಾದ ಎಲ್ಲ ಮಾಲಿಗೂ ಇದೇ ಗತಿ ಆಗಿರಬಹುದಲ್ಲವೇ? ನನಗೆ ಆ ಮಾತು ಸಮಾಧಾನ ಕೊಡಲಿಲ್ಲ, ಕಿವಿ ನೆಟ್ಟಗಾಗಿಸಿತು.

79,000ದ ವಿಷಯಕ್ಕೆ ಬರೋಣ. ನೀವು ಎತ್ತಿದ ಒಂದೊಂದು ರೂಪಾಯಿಯೂ 8 ಲಕ್ಷ ರೂಪಾಯಿಗಳ ಪ್ರತಿನಿಧಿ. 92,000ದಲ್ಲಿ 23,000 ಎಂದರೆ ರೂಪಾಯಿಗೆ 25 ಪೈಸೆ ಕೆಟ್ಟಿದೆ. ಅದೇ ಪ್ರಮಾಣವನ್ನು ಆ 8 ಲಕ್ಷಕ್ಕೆ ಹಚ್ಚಿದರೆ 2,00,000. 1,60,000ದಲ್ಲಿ 16,000 ಎಂದರೆ ರೂಪಾಯಿಗೆ 10 ಪೈಸೆ, 8 ಲಕ್ಷಕ್ಕೆ 80,000. ದೊಡ್ಡ ಖಾತೆಯ 40,000ವನ್ನು ಮಾತ್ರ ಹಿಗ್ಗಿಸಬೇಡಿ. ಅಂತರಕ್ಕಿಂತ ದೊಡ್ಡ ಖಾತೆಗಳನ್ನೆಲ್ಲ ನಾವು ನೋಡಿಯೇ ಇದ್ದೇವೆ, ಅವು ಯಾರ ಪ್ರತಿನಿಧಿಯೂ ಅಲ್ಲ. ಕೂಡಿದರೆ 3,20,000. ಇದು ಪಟ್ಟಿಯಲ್ಲಿ ಇರಬಹುದಾದ ತಪ್ಪಿನ ಅಂದಾಜು.

ಸೋಜಿಗ ನೋಡಿ. ರೂಪಾಯಿ ಲೆಕ್ಕದಲ್ಲಿ ಅತಿ ದೊಡ್ಡ ತಪ್ಪು 40,000, ಆದರೆ ಇಲ್ಲಿ ಅತಿ ಭಾರವಾದದ್ದು 23,000. ಅಕೌಂಟೆಂಟ್ 79,000 ಸರಿಪಡಿಸಲಿ, ಬೇಡವೆನ್ನುವುದಿಲ್ಲ. ಉಳಿದ 2,41,000 ನಾವು ನೋಡದ ಖಾತೆಗಳಲ್ಲಿ ಎಲ್ಲೋ ಕೂತಿದೆ ಎಂಬ ಅಂದಾಜು ಅದರಿಂದ ಅಳಿಸುವುದಿಲ್ಲ.

ಲೆಡ್ಜರ್ ಹುಡುಗಿ
3,20,000 ಕೂಡ 24 ಲಕ್ಷಕ್ಕಿಂತ ತುಂಬಾ ಕಡಿಮೆ. ಆದರೂ ತಪ್ಪು ಹೆಚ್ಚೆಂದರೆ ಎಷ್ಟಿರಬಹುದು ಎಂಬ ಮೇಲಿನ ಮಿತಿ ಹಾಕು ಎಂದರು ಸೀನಿಯರ್. ನಾನು ಹಾಕಿದ್ದು ಹೀಗೆ: ತಪ್ಪೇ ಸಿಗದಿದ್ದರೂ ಇರುವ ಮೂಲ ಮೊತ್ತ 3 × 8 ಲಕ್ಷ = 24,00,000. ಅಂದಾಜು ತಪ್ಪು 3,20,000. ಆಮೇಲೆ ಕೋಷ್ಟಕದಂತೆ ಹೆಚ್ಚಿನ ಪ್ರಮಾಣದ ತಪ್ಪಿಗೆ 0.75, ನಂತರದ್ದಕ್ಕೆ 0.55. ಅಂದರೆ 2,00,000ಕ್ಕೆ 1,50,000, 80,000ಕ್ಕೆ 44,000. ಒಟ್ಟು 29,14,000. 79,000 ಸರಿಪಡಿಸಿದರೂ 28,35,000. ಮಿತಿ ಮೀರಿತು. ಸಣ್ಣ ಮೂರು ತಪ್ಪಿಗೆ ಇಡೀ ಡೆಟರ್ಸ್ ಅನುಮಾನಕ್ಕೆ ಬಿತ್ತೇ?

ಸಂಖ್ಯಾಮಿತ್ರ
ನಿಮ್ಮ ಲೆಕ್ಕ ಸರಿ, ತಪ್ಪು ಇರುವುದು ಯೋಜನೆಯಲ್ಲಿ. ಸಹಿಸಬಹುದಾದ 24 ಲಕ್ಷವನ್ನು ಪೂರ್ತಿಯಾಗಿ ಮೂಲ ಮೊತ್ತವೇ ನುಂಗಿಬಿಟ್ಟಿದೆ. ತಟ್ಟೆ ಅಂಚಿನವರೆಗೆ ತುಂಬಿದೆ, ಇನ್ನೊಂದು ಹನಿ ಬಿದ್ದರೂ ಚೆಲ್ಲುತ್ತದೆ. ಆ 23,000 ನಿಜವಾಗಿಯೂ ದಾರಿಯಲ್ಲಿದ್ದ ಚೆಕ್ ಆಗಿದ್ದರೂ ಉಳಿದೆರಡರಿಂದಲೇ ಮಿತಿ 25,80,000 ಆಗುತ್ತಿತ್ತು. "ತಪ್ಪು ಸಿಗುವುದಿಲ್ಲ ಎಂದುಕೋ" ಎಂದು ನಿಮ್ಮ ಸೀನಿಯರ್ ಹೇಳಿದಾಗಲೇ ಇದು ನಿಶ್ಚಯವಾಗಿತ್ತು.

ಹಾರ್ಡ್‌ವೇರ್ ವ್ಯಾಪಾರದಲ್ಲಿ ಮಾಲು ವಾಪಸು, ರಿಯಾಯಿತಿ, ಸಾಗಣೆ ಜಗಳ ಇಲ್ಲದ ವರ್ಷ ಇರುತ್ತದೆಯೇ? ಸುಮಾರು 3 ಲಕ್ಷ ತಪ್ಪು ಇರಬಹುದು ಎಂದು ಮೊದಲೇ ಎಣಿಸಿದ್ದರೆ, ಅದನ್ನು 1.6ರಿಂದ ಹಿಗ್ಗಿಸಿ 4.8 ಲಕ್ಷವನ್ನು 24ರಿಂದ ಕಳೆಯುತ್ತಿದ್ದೆವು. ಉಳಿಯುವುದು 19.2 ಲಕ್ಷ, ಅಂತರ 6.4 ಲಕ್ಷ, ಗುರಿಗಳು 75. ಆಗ ಇದೇ ತಪ್ಪುಗಳು ಸಿಕ್ಕಿದ್ದರೆ ಮೇಲಿನ ಮಿತಿ 23,39,200ಕ್ಕೆ ನಿಲ್ಲುತ್ತಿತ್ತು. ಹದಿನೈದು ಗುರಿಗಳ ಉಳಿತಾಯಕ್ಕೆ ತೆತ್ತ ಬೆಲೆ ಇದು.

ಟ್ಯಾಲಿ ಬಲ್ಲವ
ಹಾಗಾದರೆ ಈಗ 15 ಖಾತೆ ಸೇರಿಸಿ 75 ಮಾಡಿಬಿಡಲಿ.

ಕೆಂಪು ಪೆನ್ಸಿಲ್
ಎಲ್ಲಿಂದ ಸೇರಿಸುವುದು? 8 ಲಕ್ಷದ ಹೆಜ್ಜೆಯಲ್ಲಿ ಆಗಲೇ ನಡೆದಾಗಿದೆ, 6.4 ಲಕ್ಷದ ಹೆಜ್ಜೆ ಬೇರೆ ಕಡೆ ಬೀಳುತ್ತದೆ. ಇಷ್ಟ ಬಂದ 15 ಖಾತೆ ಸೇರಿಸಿದರೆ ಅವು ಪ್ರತಿನಿಧಿಗಳಲ್ಲ. ಸೇರಿಸಲೇಬೇಕಾದರೆ ಅಂತರವನ್ನು ಅರ್ಧ ಮಾಡಿ, ಹಳೆಯ ಗುರಿಗಳ ನಟ್ಟನಡುವೆ ಹೊಸ ಗುರಿಗಳನ್ನು ಇಡಬೇಕು. ಆಗ 120.

ಸಂಖ್ಯಾಮಿತ್ರ
ಅದನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಫಲಿತಾಂಶ ನೋಡಿ, ಹಿಡಿಸಲಿಲ್ಲ ಎಂದು ಸ್ಯಾಂಪಲ್ ಬೆಳೆಸುತ್ತಾ ಹೋದರೆ ನಾವು ಹೇಳುವ 95% ಭರವಸೆ ಕಾಗದದ ಮೇಲಷ್ಟೇ ಉಳಿಯುತ್ತದೆ. ಪಾಸಾಗುವವರೆಗೆ ಪರೀಕ್ಷೆ ಬರೆದ ಹಾಗೆ.

ಕೆಂಪು ಪೆನ್ಸಿಲ್
ಕಟ್ಟುನಿಟ್ಟಾಗಿ ನೋಡಿದರೆ ನಿಮ್ಮ ಮಾತು ಸರಿ. ಆದರೆ ಈ ಮೇಲಿನ ಮಿತಿ ಮೊದಲೇ ಅಳತೆಗಿಂತ ಬಿಗಿಯಾದದ್ದು. 1960ರ ದಶಕದಲ್ಲಿ ಅಮೆರಿಕದಲ್ಲಿ ಕೆನೆತ್ ಸ್ಟ್ರಿಂಗರ್ ಇದನ್ನು ಆಡಿಟ್‌ಗೆ ಹೊಂದಿಸಿದಾಗಿನಿಂದಲೂ ಅದು ನಿಜಕ್ಕಿಂತ ಹೆಚ್ಚು ಹೆದರಿಸುತ್ತದೆ ಎಂಬುದೇ ದೂರು. ಅಷ್ಟು ಸಡಿಲಿಕೆಗೆ ಅಲ್ಲಿ ಜಾಗವಿದೆ ಎಂಬುದು ನನ್ನ ಅಭಿಪ್ರಾಯ. ಆದರೂ ಸಂಖ್ಯೆ ಬೆಳೆಸುವ ಮೊದಲು ನಾನಾಗಿದ್ದರೆ ಗೋದಾಮಿನ ಪುಸ್ತಕ ಹಿಡಿಯುತ್ತಿದ್ದೆ. ಮಾರ್ಚ್ ಕೊನೆಯ ಎರಡು ವಾರ ವಾಪಸಾದ ಮಾಲನ್ನೆಲ್ಲ ಏಪ್ರಿಲ್‌ನ ಕ್ರೆಡಿಟ್ ನೋಟ್‌ಗಳ ಜೊತೆ ಹೊಂದಿಸಿ ಎಂದು ಕ್ಲೈಂಟ್‌ಗೇ ಹೇಳುತ್ತಿದ್ದೆ. ತಪ್ಪು ಯಾವ ಬಾಗಿಲಿನಿಂದ ಬಂತು ಎಂದು ಗೊತ್ತಿದೆ, ಆ ಬಾಗಿಲನ್ನೇ ಪೂರ್ತಿ ನೋಡಿ.

ಹಳೇ ಕಡತ
ಸಹಕಾರ ಸಂಘಗಳ ಲೆಕ್ಕ ನೋಡಿ ನಿವೃತ್ತನಾದವನು. ನನ್ನದೊಂದು ಅನುಭವ. ಒಂದು ಸಂಘದಲ್ಲಿ ಗೊಬ್ಬರ ಸರಬರಾಜುದಾರರಿಗೆ ಕೊಡಬೇಕಾದ ಬಾಕಿಯನ್ನು ಇದೇ ವಿಧಾನದಲ್ಲಿ ಪರೀಕ್ಷಿಸಿದೆವು. ಒಂದೂ ತಪ್ಪಿಲ್ಲ, ಅಪ್ಪಟ ಚಿನ್ನ. ಮರುವರ್ಷ ಗೊತ್ತಾಯಿತು, ಎಲ್ಲರಿಗಿಂತ ಹೆಚ್ಚು ಮಾಲು ಕೊಟ್ಟ ಸರಬರಾಜುದಾರನ ಬಾಕಿಯನ್ನು ಪುಸ್ತಕದಲ್ಲಿ ಸೊನ್ನೆ ತೋರಿಸಿದ್ದರು. ಅವನ ಬಿಲ್ಲುಗಳು ಕಾರ್ಯದರ್ಶಿಯ ಮೇಜಿನ ಡ್ರಾಯರ್‌ನಲ್ಲಿದ್ದವು. ಸೊನ್ನೆ ಬಾಕಿಯ ಖಾತೆಯಲ್ಲಿ ಎತ್ತಲು ಒಂದು ರೂಪಾಯಿಯೂ ಇರುವುದಿಲ್ಲ. ಕಡಿಮೆ ತೋರಿಸಿದಷ್ಟೂ ಸಿಕ್ಕಿಬೀಳುವ ಸಾಧ್ಯತೆ ಕಡಿಮೆ.

ಅಮ್ಮಾ, ನೀನು ಬರಬೇಕಾದ ಬಾಕಿ ನೋಡುತ್ತಿದ್ದೀಯಾ. ಅಲ್ಲಿ ಉಬ್ಬಿಸುವುದೇ ಭಯ, ಹಾಗಾಗಿ ಈ ವಿಧಾನ ಹೊಂದುತ್ತದೆ. ಕೊಡಬೇಕಾದ ಬಾಕಿಗೆ ಇದನ್ನೇ ಎತ್ತಿಕೊಂಡು ಹೋಗಬೇಡ. ಅಲ್ಲಿ ಖರೀದಿಯ ಮೊತ್ತದ ಮೇಲೆ ಆರಿಸು, ವರ್ಷ ಮುಗಿದ ಮೇಲೆ ಮಾಡಿದ ಪಾವತಿಗಳಿಂದ ಹಿಂದಕ್ಕೆ ಬಾ.

ಟ್ಯಾಲಿ ಬಲ್ಲವ
ಇದು ನನಗೆ ಹೊಳೆದಿರಲಿಲ್ಲ. ಸೊನ್ನೆ ಬಾಕಿಯವರನ್ನು ಈವರೆಗೆ ಫಿಲ್ಟರ್ ಹಾಕಿ ಅಡಗಿಸಿಡುತ್ತಿದ್ದೆ.

ಲೆಡ್ಜರ್ ಹುಡುಗಿ
ಎಲ್ಲರಿಗೂ ನಮಸ್ಕಾರ. ಈ ಚರ್ಚೆಯನ್ನು ಸೀನಿಯರ್ ಅವರಿಗೆ ತೋರಿಸಿದೆ. "ತಪ್ಪು ಸಿಗುವುದಿಲ್ಲ ಎಂದುಕೋ" ಎಂಬ ಸಾಲು ಬಂದಾಗ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಎರಡೂ ಕೆಲಸ ಮಾಡೋಣ ಎಂದರು. ಮಾರ್ಚ್ 15ರಿಂದ ವಾಪಸಾದ ಮಾಲಿನ ಪಟ್ಟಿಯನ್ನು ಅಕೌಂಟೆಂಟ್ ತಯಾರಿಸುತ್ತಿದ್ದಾರೆ. ಕ್ರೆಡಿಟ್ ನೋಟ್ ತಡವಾದ ಇನ್ನೂ ನಾಲ್ಕು ಈಗಾಗಲೇ ಸಿಕ್ಕಿವೆ, ಎಲ್ಲವೂ ಆ ಗುಮಾಸ್ತನ ರಜೆಯ ವಾರದವು.

ಅಂತರವನ್ನು 4 ಲಕ್ಷಕ್ಕೆ ಇಳಿಸಿ ನಡುವಿನ ಗುರಿಗಳನ್ನೂ ಹಾಕಿದೆ. ಮೊದಲ ಹೊಸ ಗುರಿ 7,17,000. ಅದು ಬಿದ್ದದ್ದು ಮೂರನೆಯ ಸಾಲಿನ 6,40,000ದ ಖಾತೆಯ ಮೇಲೆಯೇ. ಕಾಗದ ನಿನ್ನೆ ಕಳಿಸಿದೆ, ಉತ್ತರ ಇನ್ನೂ ಬಂದಿಲ್ಲ.

ಸಂತೆಪೇಟೆ ಅಂಗಡಿ
ನನ್ನ ಪುಸ್ತಕ ತೆಗೆದು ನೋಡಿದೆ. ಅವರ ಕಾಗದದಲ್ಲಿರುವುದಕ್ಕೂ ನನ್ನದಕ್ಕೂ 11,400 ವ್ಯತ್ಯಾಸ ಇದೆ. ಇದನ್ನು ಅಂಗಡಿಯವರಿಗೆ ಹೇಳಲೋ, ಆಡಿಟರ್‌ಗೆ ಬರೆಯಲೋ?

ಕೆಂಪು ಪೆನ್ಸಿಲ್
ನೇರವಾಗಿ ಆಡಿಟರ್‌ಗೆ. ಕಾಗದದ ಕೊನೆಯಲ್ಲಿ ಅವರ ವಿಳಾಸ ಇರುತ್ತದೆ.